ರಾತ್ರಿ ಕ್ಯಾಮೆರಾದ ಮುಂದೆ ಜೇಡ, ಮೊಬೈಲಿನಲ್ಲಿ ಸುಳ್ಳು ಅಲರ್ಟ್

ಮನೆಯ ಹೊರಗೆ ಹಾಕಿದ ಸಿಸಿಟಿವಿ ಕ್ಯಾಮೆರಾ ಹಗಲೆಲ್ಲ ತೆಪ್ಪಗಿದ್ದು, ಕತ್ತಲಾದ ಮೇಲೆ ಒಂದರ ಹಿಂದೊಂದು ಅಲರ್ಟ್ ಕಳಿಸತೊಡಗಿದರೆ ಅದಕ್ಕೆ ಕಾರಣ ಹೆಚ್ಚಾಗಿ ಕಳ್ಳನಲ್ಲ, ಜೇಡ ಅಥವಾ ದೀಪದ ಹುಳು. ಮೊಬೈಲ್ ತೆಗೆದು ನೋಡಿದರೆ ಬಿಳಿಯ ಒಂದು ಗೀರು ಸರ್ರನೆ ಹಾದುಹೋಗುತ್ತದೆ, ಇಲ್ಲವೇ ಚಿತ್ರದ ಮೂಲೆಯಲ್ಲಿ ಹೊಳೆಯುವ ಎಳೆಯೊಂದು ಗಾಳಿಗೆ ತೂಗಾಡುತ್ತಿರುತ್ತದೆ. ಹತ್ತಾರು ಬಾರಿ ಹೀಗಾದ ಮೇಲೆ ಮನೆಯವರು ಮಾಡುವ ಕೆಲಸ ಒಂದೇ, ಅಲರ್ಟ್ ಬಂದ್ ಮಾಡುವುದು. ಅಲ್ಲಿಗೆ ಕ್ಯಾಮೆರಾ ಹಾಕಿಸಿದ ಉದ್ದೇಶದ ಅರ್ಧಭಾಗ ಮುಗಿದಂತೆ.

ಹುಳು ಹಗಲಿನಲ್ಲೂ ಕ್ಯಾಮೆರಾದ ಮುಂದೆ ಹಾರುತ್ತದೆ. ಆಗ ಆಗದ ತೊಂದರೆ ರಾತ್ರಿ ಏಕಾಗುತ್ತದೆ ಎಂಬುದಕ್ಕೆ ಉತ್ತರ ಕ್ಯಾಮೆರಾದ ಬೆಳಕಿನಲ್ಲಿದೆ. ಮನುಷ್ಯನ ಕಣ್ಣಿಗೆ ಸುಮಾರು 700 ನ್ಯಾನೋಮೀಟರ್ ತರಂಗಾಂತರದವರೆಗಿನ ಬೆಳಕು ಚೆನ್ನಾಗಿ ಕಾಣುತ್ತದೆ. ಅದರಾಚೆಗಿನದು ಇನ್‌ಫ್ರಾರೆಡ್. ಕ್ಯಾಮೆರಾದ ಸಿಲಿಕಾನ್ ಸೆನ್ಸರ್ ಮಾತ್ರ 1000 ನ್ಯಾನೋಮೀಟರ್ ಆಸುಪಾಸಿನವರೆಗೂ ಗ್ರಹಿಸಬಲ್ಲದು. ಹಗಲಿನಲ್ಲಿ ಬಣ್ಣಗೆಡದಿರಲೆಂದು ಸೆನ್ಸರಿನ ಮುಂದೆ ಇನ್‌ಫ್ರಾರೆಡ್ ತಡೆಯುವ ಸಣ್ಣ ಫಿಲ್ಟರ್ ಇರುತ್ತದೆ. ಕತ್ತಲಾದೊಡನೆ ಅದು ಪಕ್ಕಕ್ಕೆ ಸರಿಯುತ್ತದೆ. ಸಂಜೆ ಕ್ಯಾಮೆರಾದ ಹತ್ತಿರ ನಿಂತವರಿಗೆ ಕೇಳಿಸುವ ‘ಟಿಕ್’ ಸದ್ದು ಅದರದ್ದೇ. ಅದೇ ಹೊತ್ತಿಗೆ ಲೆನ್ಸಿನ ಸುತ್ತಲಿನ ಇನ್‌ಫ್ರಾರೆಡ್ ಎಲ್‌ಇಡಿಗಳು ಹೊತ್ತಿಕೊಂಡು ಚಿತ್ರ ಕಪ್ಪು-ಬಿಳುಪಾಗುತ್ತದೆ.

ತೊಂದರೆಯ ಬೇರು ‘ಲೆನ್ಸಿನ ಸುತ್ತಲಿನ’ ಎಂಬ ಮಾತಿನಲ್ಲೇ ಇದೆ. ಬೆಳಕು ಹುಟ್ಟುವ ಜಾಗ ಮತ್ತು ನೋಡುವ ಜಾಗ ಎರಡೂ ಒಂದೇ ಆಗಿರುವುದರಿಂದ ಲೆನ್ಸಿಗೆ ಹತ್ತಿರವಾದ ವಸ್ತುವಿನ ಮೇಲೆ ಎಲ್ಲಕ್ಕಿಂತ ಹೆಚ್ಚು ಬೆಳಕು ಬೀಳುತ್ತದೆ. ಆಗುಂಬೆ ಘಾಟಿಯ ಮಂಜಿನಲ್ಲಿ ಹೈಬೀಮ್ ಹಾಕಿದ ಚಾಲಕನಿಗೆ ರಸ್ತೆಯ ಬದಲು ಬಿಳಿ ಗೋಡೆ ಕಾಣುವುದು ಇದೇ ಕಾರಣಕ್ಕೆ. ಲೆಕ್ಕ ಹಾಕಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ದೀಪದಿಂದ ದೂರ ಎರಡು ಪಟ್ಟಾದರೆ ಮೇಲೆ ಬೀಳುವ ಬೆಳಕು ನಾಲ್ಕನೇ ಒಂದಕ್ಕಿಳಿಯುತ್ತದೆ. ಗೇಟು ಕ್ಯಾಮೆರಾದಿಂದ 10 ಮೀಟರ್ ದೂರದಲ್ಲಿದೆ, ಪತಂಗವೊಂದು ಲೆನ್ಸಿನಿಂದ 20 ಸೆಂಟಿಮೀಟರ್ ದೂರದಲ್ಲಿ ಹಾರುತ್ತಿದೆ ಎಂದುಕೊಂಡರೆ, ಗೇಟು ಪತಂಗಕ್ಕಿಂತ 50 ಪಟ್ಟು ದೂರ. ಅಂದರೆ ಗೇಟಿನ ಬಳಿ ನಿಂತ ಮನುಷ್ಯನಿಗಿಂತ ಪತಂಗದ ಮೇಲೆ ಸರಿಸುಮಾರು 2500 ಪಟ್ಟು ಹೆಚ್ಚು ಬೆಳಕು. ಮನುಷ್ಯ ಕಾಣುವಂತೆ ಹೊಂದಿಸಿದ ಚಿತ್ರದಲ್ಲಿ ಆ ಪತಂಗ ಉರಿಯುವ ಬಿಳಿ ಮುದ್ದೆಯಾಗದೆ ಇನ್ನೇನಾದೀತು?

ಗಾತ್ರದ ಕಥೆಯೂ ಹೀಗೇ. 20 ಸೆಂಟಿಮೀಟರ್ ದೂರದಲ್ಲಿರುವ ಒಂದು ಸೆಂಟಿಮೀಟರ್ ಪತಂಗವು ಚಿತ್ರದಲ್ಲಿ ಆಕ್ರಮಿಸುವ ಜಾಗ, ಗೇಟಿನ ಬಳಿ ಅರ್ಧ ಮೀಟರ್ ಅಗಲದ ವಸ್ತು ಆಕ್ರಮಿಸುವಷ್ಟು. ಸಾಮಾನ್ಯ 2.8 ಮಿಲಿಮೀಟರ್ ಲೆನ್ಸು ಸುಮಾರು ಒಂದು ಮೀಟರಿನಿಂದಾಚೆಗೆ ಮಾತ್ರ ಸ್ಪಷ್ಟವಾಗಿ ತೋರಿಸುವುದರಿಂದ ಹತ್ತಿರದ ಹುಳು ಮಸುಕಾಗಿ ಹರಡಿಕೊಂಡು ಇನ್ನಷ್ಟು ದೊಡ್ಡದಾಗುತ್ತದೆ. ಕ್ಯಾಮೆರಾದ ಮೋಷನ್ ಡಿಟೆಕ್ಷನ್ ಮೂಲದಲ್ಲಿ ಬಹಳ ಸರಳ. ಒಂದು ಚಿತ್ರವನ್ನು ಅದರ ಹಿಂದಿನ ಚಿತ್ರದೊಂದಿಗೆ ಹೋಲಿಸಿ, ಎಷ್ಟು ಭಾಗದಲ್ಲಿ ಬೆಳಕು ಬದಲಾಯಿತು ಎಂದು ಅದು ಎಣಿಸುತ್ತದೆ. ಗೊತ್ತುಮಾಡಿದ ಮಿತಿ ದಾಟಿದರೆ ಅಲರ್ಟ್. ಬದಲಾದದ್ದು ಮನುಷ್ಯನೋ ಹುಳುವೋ ಎಂಬುದು ಆ ಎಣಿಕೆಗೆ ಸಂಬಂಧಿಸಿದ್ದಲ್ಲ. ಸಣ್ಣ ವಸ್ತುಗಳನ್ನು ಬಿಟ್ಟುಬಿಡು ಎಂದು ಸೆಟ್ಟಿಂಗ್ ಮಾಡಿದರೂ ಪ್ರಯೋಜನವಾಗದ್ದಕ್ಕೆ ಕಾರಣವೂ ಇದೇ. ಕ್ಯಾಮೆರಾದ ಪಾಲಿಗೆ ಆ ಹುಳು ಸಣ್ಣದಲ್ಲ.

ಇನ್‌ಫ್ರಾರೆಡ್ ಬೆಳಕೇ ಹುಳುಗಳನ್ನು ಸೆಳೆಯುತ್ತದೆ ಎಂಬ ಮಾತು ಕ್ಯಾಮೆರಾ ಹಾಕುವವರಲ್ಲಿ ಬಹಳ ಚಾಲ್ತಿಯಲ್ಲಿದೆ. ಇದು ಸರಿಯಲ್ಲ. ಬಹುತೇಕ ಹುಳುಗಳ ಕಣ್ಣು ಅತಿನೇರಳೆ, ನೀಲಿ, ಹಸಿರು ಬೆಳಕಿಗೆ ಚುರುಕು. ಕೆಂಪೇ ಅವುಗಳಿಗೆ ಸರಿಯಾಗಿ ಕಾಣದು, ಇನ್ನು 850 ನ್ಯಾನೋಮೀಟರಿನ ಮಾತೆಲ್ಲಿ? ದೀಪದ ಸುತ್ತ ಹುಳುಗಳು ಏಕೆ ಗಿರಕಿ ಹೊಡೆಯುತ್ತವೆ ಎಂಬುದನ್ನು ಸಂಶೋಧಕರು ವೇಗದ ಕ್ಯಾಮೆರಾಗಳಿಂದ ಸೆರೆಹಿಡಿದು 2024ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಹಾರುವ ಹುಳು ತನ್ನ ಬೆನ್ನನ್ನು ಬೆಳಕಿನ ಕಡೆಗೆ ತಿರುಗಿಸಿಕೊಳ್ಳುತ್ತದೆ. ಆಕಾಶವೇ ಬೆಳಕಾಗಿದ್ದ ಕಾಲದಲ್ಲಿ ಮೇಲು-ಕೆಳಗು ತಿಳಿಯಲು ಇದೇ ದಾರಿಯಾಗಿತ್ತು. ದೀಪ ಪಕ್ಕದಲ್ಲೋ ಕೆಳಗೋ ಇದ್ದರೆ ಅದೇ ಸ್ವಭಾವ ಹುಳುವನ್ನು ದೀಪದ ಸುತ್ತ ಸಿಕ್ಕಿಸಿಬಿಡುತ್ತದೆ. ಹುಳುಗಳ ಹಾರಾಟ ಕೆಡದಿರಲೆಂದು ಈ ಚಿತ್ರೀಕರಣಕ್ಕೆ ಆ ಸಂಶೋಧಕರು ಬಳಸಿದ್ದು ಇನ್‌ಫ್ರಾರೆಡ್ ಬೆಳಕನ್ನೇ.

ಹಾಗಾದರೆ ಕ್ಯಾಮೆರಾದ ಮುಂದೆ ಹುಳುಗಳನ್ನು ತರುವುದು ಯಾವುದು? ಹೆಚ್ಚಿನ ಮನೆಗಳಲ್ಲಿ ಅದರ ಪಕ್ಕದಲ್ಲೇ ಇರುವ ಟ್ಯೂಬ್‌ಲೈಟ್ ಅಥವಾ ಬಿಳಿ ಎಲ್‌ಇಡಿ ಬಲ್ಬು. ವೈರಿಂಗ್ ಸುಲಭವೆಂದು ಎಲೆಕ್ಟ್ರಿಷಿಯನ್ ಎರಡನ್ನೂ ಒಂದೇ ಜಾಗದಿಂದ ಎಳೆದಿರುತ್ತಾನೆ. ರಾತ್ರಿಯೂ ಬಣ್ಣದ ಚಿತ್ರ ಕೊಡುವ ಹೊಸ ಕ್ಯಾಮೆರಾಗಳಲ್ಲಿ ಬಿಳಿ ದೀಪ ಕ್ಯಾಮೆರಾದೊಳಗೇ ಇರುತ್ತದೆ. ಮಳೆಗಾಲದಲ್ಲಿ ಇವುಗಳ ಮುಂದೆ ನಡೆಯುವುದು ಹುಳುಗಳ ಜಾತ್ರೆಯೇ ಸರಿ. ಹುಳು ಬಂದಲ್ಲಿಗೆ ಜೇಡ ಬರುತ್ತದೆ, ಅದರ ಹಿಂದೆ ಹಲ್ಲಿಯೂ ಬರುತ್ತದೆ. ಜೇಡಕ್ಕೆ ಕ್ಯಾಮೆರಾ ಇನ್ನೊಂದು ರೀತಿಯಲ್ಲೂ ಅನುಕೂಲದ ಜಾಗ. ಸಜ್ಜೆಯ ಕೆಳಗೆ ಮಳೆ ತಾಗದು, ಬ್ರಾಕೆಟ್ಟು, ವೈರು, ಗೋಡೆಯ ನಡುವೆ ಎಳೆ ಕಟ್ಟಲು ಬೇಕಾದಷ್ಟು ಆಧಾರ. ಉದ್ದ ಕೊಳವೆಯಾಕಾರದ ಬುಲೆಟ್ ಕ್ಯಾಮೆರಾದ ಮುಂದಿನ ಟೋಪಿಯಂಥ ಅಂಚಂತೂ ಬಲೆ ನೇಯಲು ಮಾಡಿಟ್ಟ ಚೌಕಟ್ಟು. ಬಲೆ ಕಟ್ಟಿದ ಮೇಲೆ ಜೇಡ ಅಲುಗದಿದ್ದರೂ ತೊಂದರೆ ನಿಲ್ಲದು, ಏಕೆಂದರೆ ಗಾಳಿ ಬಲೆಯನ್ನು ಅಲುಗಿಸುತ್ತಲೇ ಇರುತ್ತದೆ.

ಸುಳ್ಳು ಅಲರ್ಟಿಗಿಂತ ದೊಡ್ಡ ನಷ್ಟ ಇನ್ನೊಂದಿದೆ. ಹತ್ತಿರದ ವಸ್ತು ಅತಿಯಾಗಿ ಹೊಳೆದರೆ ಅನೇಕ ಕ್ಯಾಮೆರಾಗಳು ತಾವಾಗಿಯೇ ಎಲ್‌ಇಡಿಯ ಬೆಳಕನ್ನು ಅಥವಾ ಚಿತ್ರದ ಪ್ರಕಾಶವನ್ನು ತಗ್ಗಿಸುತ್ತವೆ. ಮೆನುವಿನಲ್ಲಿ ಇದು Smart IR ಎಂಬ ಹೆಸರಿನಲ್ಲಿ ಕಾಣಬಹುದು. ಲೆನ್ಸಿನ ಮುಂದೆ ಬಲೆ ಇದ್ದಾಗ ಕ್ಯಾಮೆರಾ ಬಲೆಗೆ ತಕ್ಕಂತೆ ಬೆಳಕು ತಗ್ಗಿಸಿ, ಗೇಟನ್ನು ಕತ್ತಲಲ್ಲಿ ಮುಳುಗಿಸುತ್ತದೆ. ಅಲರ್ಟಿನ ಕಿರಿಕಿರಿಯನ್ನು ಸಹಿಸಿಕೊಂಡವರಿಗೂ ಬೇಕಾದ ದಿನ ಮುಖ ಕಾಣದೇ ಹೋಗುವುದು ಹೀಗೆ.

ಪರಿಹಾರಕ್ಕೆ ಕೈಹಾಕುವ ಮೊದಲು ಅಲರ್ಟಿನ ವಿಡಿಯೊಗಳನ್ನು ಕೂತು ನೋಡಬೇಕು. ಡೊಂಕುಡೊಂಕಾಗಿ ಹಾದು ಕ್ಷಣದಲ್ಲಿ ಮಾಯವಾಗುವ ಬಿಳಿ ಗೀರು ಹಾರುವ ಹುಳುವಿನದು. ಒಂದೇ ಜಾಗದಲ್ಲಿ ಹಿಂದೆ ಮುಂದೆ ತೂಗುವ ಎಳೆ ಅಥವಾ ಮಸುಕಾದ ಪಟ್ಟಿ ಜೇಡರ ಬಲೆ. ನಿಧಾನವಾಗಿ ಚಿತ್ರದ ಅರ್ಧ ಭಾಗವನ್ನೇ ಮುಚ್ಚುತ್ತ ಸಾಗುವ ಮುದ್ದೆ ಗಾಜಿನ ಮೇಲೆಯೇ ನಡೆಯುತ್ತಿರುವ ಜೇಡ ಅಥವಾ ಹಲ್ಲಿ. ಎಲ್ಲ ಗೀರುಗಳೂ ಒಂದೇ ದಿಕ್ಕಿಗೆ ಬೀಳುತ್ತಿದ್ದರೆ ಅದು ಮಳೆ. ಸಮಯವೂ ಸುಳಿವು ಕೊಡುತ್ತದೆ. ಮುಂಗಾರಿನ ಮೊದಲ ಮಳೆಯ ಸಂಜೆ ರೆಕ್ಕೆ ಬಂದ ಗೆದ್ದಲುಗಳು ಏಳುವ ಹೊತ್ತಿನಲ್ಲಿ ಅಲರ್ಟುಗಳ ಸುರಿಮಳೆಯಾಗಿ ಸ್ವಲ್ಪ ಹೊತ್ತಿಗೆ ನಿಂತರೆ, ಅದಕ್ಕೆ ಯಾವ ರಿಪೇರಿಯೂ ಬೇಕಿಲ್ಲ. ಅಂಗಳದ ದೀಪ ಆರಿಸಿದರೆ ಸಾಕು.

ಮಂಡ್ಯದ ಕಡೆಯ ಗದ್ದೆ ಬದಿಯ ಮನೆಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಮೂರು ಮೀಟರ್ ಎತ್ತರದಲ್ಲಿ ಸಜ್ಜೆಯ ಕೆಳಗೆ ಬುಲೆಟ್ ಕ್ಯಾಮೆರಾ, ಅದರಿಂದ ಅರ್ಧ ಮೀಟರ್ ದೂರದಲ್ಲಿ ಬಿಳಿ ಎಲ್‌ಇಡಿ ಟ್ಯೂಬ್, 10 ಮೀಟರ್ ದೂರದಲ್ಲಿ ಗೇಟು. ಭತ್ತದ ಬೆಳೆ ನಿಂತಿರುವಾಗ ಕಾಂಡಕೊರಕದ ಪತಂಗ, ಜಿಗಿಹುಳುಗಳು ಬೆಳಕಿಗೆ ಮುತ್ತುತ್ತವೆ. ರೈತರು ಗದ್ದೆಯಲ್ಲಿ ದೀಪದ ಬಲೆ ಇಡುವುದು ಈ ಸ್ವಭಾವವನ್ನು ನಂಬಿಯೇ. ಇಲ್ಲಿ ಒಂದೊಂದು ರಾತ್ರಿ ಒಂದೊಂದೇ ಬದಲಾವಣೆ ಮಾಡಿ ನೋಡುವುದು ಸರಿಯಾದ ಕ್ರಮ. ಮೊದಲ ರಾತ್ರಿ ಬಲೆಯನ್ನೆಲ್ಲ ತೆಗೆದು, ಟ್ಯೂಬನ್ನು ಎಂದಿನಂತೆ ಉರಿಸಬೇಕು. ಎರಡನೇ ರಾತ್ರಿ ಟ್ಯೂಬ್ ಆರಿಸಬೇಕು. ಅಲರ್ಟುಗಳು ತಟ್ಟನೆ ಇಳಿದರೆ ಹುಳುಗಳನ್ನು ಕರೆಯುತ್ತಿದ್ದುದು ಟ್ಯೂಬೇ ಎಂದು ಖಚಿತ. ಮೂರನೇ ರಾತ್ರಿ ಟ್ಯೂಬ್ ಉರಿಸಿಯೇ ಕ್ಯಾಮೆರಾದ ಇನ್‌ಫ್ರಾರೆಡ್ ಮಾತ್ರ ಆರಿಸಬೇಕು. ಹುಳುಗಳು ಅಷ್ಟೇ ಇದ್ದರೂ ಅಲರ್ಟು ಕಡಿಮೆಯಾದರೆ, ಲೆನ್ಸಿನ ಪಕ್ಕದ ಬೆಳಕು ಅವುಗಳನ್ನು ದೊಡ್ಡದಾಗಿ ತೋರಿಸುತ್ತಿತ್ತು ಎಂದರ್ಥ. ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದಿಲ್ಲ.

ಇಂಥ ಮನೆಗೆ ಮೊದಲ ಪರಿಹಾರ ಖರ್ಚಿಲ್ಲದ್ದು. ಟ್ಯೂಬನ್ನು ಕ್ಯಾಮೆರಾದಿಂದ ಮೂರು ನಾಲ್ಕು ಮೀಟರ್ ದೂರಕ್ಕೆ, ಸಾಧ್ಯವಾದರೆ ಜಗುಲಿಯ ಇನ್ನೊಂದು ತುದಿಗೆ ಸಾಗಿಸುವುದು. ಬೆಳ್ಳನೆಯ ಬಲ್ಬಿನ ಬದಲು ಹಳದಿ ಬೆಳಕಿನ, ಡಬ್ಬದ ಮೇಲೆ 2700 ಕೆಲ್ವಿನ್ ಅಥವಾ ಅದಕ್ಕಿಂತ ಕಡಿಮೆ ಎಂದು ಬರೆದಿರುವ ಎಲ್‌ಇಡಿ ಹಾಕಿದರೆ ನೀಲಿಯ ಪಾಲು ಇಳಿದು ಹುಳುಗಳು ಕಡಿಮೆಯಾಗುತ್ತವೆ, ಪೂರ್ತಿ ನಿಲ್ಲುವುದಿಲ್ಲ. ಕ್ಯಾಮೆರಾದಲ್ಲೇ ಬಿಳಿ ದೀಪ ಇದ್ದರೆ ಅದನ್ನು ಆರಿಸಿ ಇನ್‌ಫ್ರಾರೆಡ್ ಮಾತ್ರ ಇಟ್ಟುಕೊಳ್ಳುವುದು ಮೇಲು. ಮನುಷ್ಯ ಕಂಡಾಗ ಮಾತ್ರ ಬಿಳಿ ದೀಪ ಹೊತ್ತುವ ಸೌಲಭ್ಯ ಕೆಲವು ಕ್ಯಾಮೆರಾಗಳಲ್ಲಿದೆ, ಇದ್ದರೆ ಬಳಸಿಕೊಳ್ಳಬೇಕು.

ಎರಡನೆಯ ಪರಿಹಾರವೇ ಸಮಸ್ಯೆಯ ಬೇರಿಗೆ ತಾಗುವಂಥದ್ದು. ಅದೆಂದರೆ ಬೆಳಕನ್ನು ಲೆನ್ಸಿನಿಂದ ಬೇರ್ಪಡಿಸುವುದು. ಕ್ಯಾಮೆರಾದ ಎಲ್‌ಇಡಿ ಆರಿಸಿ, ಐಆರ್ ಇಲ್ಯುಮಿನೇಟರ್ ಎಂಬ ಪ್ರತ್ಯೇಕ ಇನ್‌ಫ್ರಾರೆಡ್ ದೀಪವನ್ನು ಸುಮಾರು ಒಂದೂವರೆ ಮೀಟರ್ ಪಕ್ಕಕ್ಕೆ, ಕ್ಯಾಮೆರಾ ನೋಡುವ ದಿಕ್ಕಿಗೇ ಮುಖಮಾಡಿ ಹಾಕಬೇಕು. ದೀಪದ ಬೆಳಕು 90 ಡಿಗ್ರಿ ಅಗಲಕ್ಕೆ ಹರಡುತ್ತದೆ ಎಂದುಕೊಂಡರೆ, ಅದು ಕ್ಯಾಮೆರಾದ ನೇರ ನೋಟವನ್ನು ಮುಟ್ಟುವುದೇ ಒಂದೂವರೆ ಮೀಟರ್ ಮುಂದೆ. ಲೆನ್ಸಿನ ಮುಂದೆ 20 ಸೆಂಟಿಮೀಟರ್ ದೂರದಲ್ಲಿ ಹಾರುವ ಪತಂಗದ ಮೇಲೆ ನೇರ ಬೆಳಕೇ ಬೀಳದು. ಮೊದಲ ಬಾರಿ ಬೆಳಕಿಗೆ ಸಿಗುವ ಜಾಗದಲ್ಲೂ, ಅಂದರೆ ಒಂದೂವರೆ ಮೀಟರ್ ದೂರದಲ್ಲಿ, ಅದರ ಹೊಳಪು ಗೇಟಿನ ಮನುಷ್ಯನಿಗಿಂತ ಸ್ಥೂಲವಾಗಿ 20 ಪಟ್ಟು ಹೆಚ್ಚಿರಬಹುದಷ್ಟೆ, ಮೊದಲಿನ 2500 ಪಟ್ಟಲ್ಲ. ಗಾತ್ರವೂ ಏಳೆಂಟು ಪಟ್ಟು ಕುಗ್ಗಿರುತ್ತದೆ. ಲೆನ್ಸಿನ ಮುಂದೆ ಬಲೆ ಕಟ್ಟಿದರೂ ಅದು ಕತ್ತಲಲ್ಲೇ ಉಳಿಯುತ್ತದೆ. ಇಲ್ಯುಮಿನೇಟರ್ ಮೇಲೆ ಜೇಡ ಬಲೆ ಕಟ್ಟಿದರೆ ಕಟ್ಟಲಿ, ಅದು ಕ್ಯಾಮೆರಾದ ನೋಟದೊಳಗಿಲ್ಲ.

ಇದರಲ್ಲಿ ಎಡವುವ ಕಡೆಗಳೂ ಇವೆ. ಇಲ್ಯುಮಿನೇಟರ್ ಹೆಚ್ಚಾಗಿ 12 ವೋಲ್ಟಿನಲ್ಲಿ ನಡೆಯುತ್ತದೆ. ಕ್ಯಾಮೆರಾದ ಅಡಾಪ್ಟರಿಗೇ ಜೋಡಿಸಿದರೆ ಅದಕ್ಕೆ ಅಷ್ಟು ತಾಕತ್ತಿಲ್ಲದೆ ರಾತ್ರಿ ಕ್ಯಾಮೆರಾವೇ ಆರಿ ಹೊತ್ತುತ್ತಿರಬಹುದು. ಬೇರೆ ಅಡಾಪ್ಟರ್ ಕೊಟ್ಟು, ಜೋಡಣೆಯನ್ನು ನೀರು ಹೋಗದ ಡಬ್ಬಿಯೊಳಗೆ ಇಡಬೇಕು. ಕೆಲವು ಅಗ್ಗದ ವೈಫೈ ಕ್ಯಾಮೆರಾಗಳಲ್ಲಿ ಇನ್‌ಫ್ರಾರೆಡ್ ಆರಿಸಿದರೆ ಫಿಲ್ಟರ್ ಸರಿಯುವುದೂ ನಿಂತುಹೋಗುತ್ತದೆ. ಆಗ ಹೊರಗಿನ ದೀಪ ಎಷ್ಟು ಉರಿದರೂ ಕ್ಯಾಮೆರಾ ಕುರುಡು. Day/Night ಮೆನುವಿನಲ್ಲಿ ರಾತ್ರಿಯ ಸ್ಥಿತಿ ಮತ್ತು ಎಲ್‌ಇಡಿ ಎರಡನ್ನೂ ಬೇರೆಬೇರೆಯಾಗಿ ಹೊಂದಿಸಲು ಬರುತ್ತದೆಯೇ ಎಂದು ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು. ಬಾರದಿದ್ದರೆ, ಎಲ್‌ಇಡಿ ಮತ್ತು ಲೆನ್ಸು ಬೇರೆಬೇರೆ ಗಾಜಿನ ಹಿಂದಿರುವ ಕ್ಯಾಮೆರಾಗಳಲ್ಲಿ ಎಲ್‌ಇಡಿಯ ಮೇಲೆ ಕಪ್ಪು ಟೇಪು ಅಂಟಿಸುವ ಉಪಾಯ ನಡೆಯುತ್ತದೆ. ಎರಡೂ ಒಂದೇ ಗಾಜಿನ ಹಿಂದಿದ್ದರೆ ಟೇಪಿನಿಂದ ಮರಳಿದ ಬೆಳಕು ಲೆನ್ಸಿಗೆ ಹೊಡೆದು ಚಿತ್ರ ಕೆಡುತ್ತದೆ. ಇಲ್ಯುಮಿನೇಟರಿನ ಮುಂದೆ ಕಂಬ, ಗೋಡೆಯ ಅಂಚು ಇರಕೂಡದು ಎಂಬುದೂ ನೆನಪಿರಬೇಕು.

ಇನ್ನು 850ರ ಬದಲು 940 ನ್ಯಾನೋಮೀಟರಿನ ಕ್ಯಾಮೆರಾ ಕೊಂಡರೆ ಹುಳು ಬರುವುದಿಲ್ಲ ಎಂಬ ಸಲಹೆ. ಅದಕ್ಕೆ ದುಡ್ಡು ಸುರಿಯುವುದು ವ್ಯರ್ಥ. 850ರ ಎಲ್‌ಇಡಿಯಲ್ಲಿ ನಮಗೆ ಮಂದ ಕೆಂಪು ಹೊಳಪು ಕಾಣುತ್ತದೆ, 940ರದ್ದು ಕಾಣುವುದಿಲ್ಲ, ವ್ಯತ್ಯಾಸ ಇಷ್ಟೇ. ಹುಳುವಿಗೆ ಎರಡೂ ಒಂದೇ. ಸೆನ್ಸರಿಗೆ ಮಾತ್ರ 940 ಮಸುಕಾಗಿ ಕಾಣುವುದರಿಂದ ಕ್ಯಾಮೆರಾದ ದೂರದೃಷ್ಟಿ ಕುಗ್ಗುತ್ತದೆ. ಹೊಸ ಕ್ಯಾಮೆರಾ ಕೊಳ್ಳುವುದೇ ಆದರೆ ಆಕಾರ ನೋಡಿ ಕೊಳ್ಳುವುದು ಒಳ್ಳೆಯದು. ಗುಂಡುಕಣ್ಣಿನಂತಿರುವ ಟರೆಟ್ ಮಾದರಿಯಲ್ಲಿ ಚಾಚಿದ ಅಂಚಿಲ್ಲ, ಆದ್ದರಿಂದ ಜೇಡಕ್ಕೆ ಆಧಾರ ಕಡಿಮೆ. ಪಾರದರ್ಶಕ ಗುಮ್ಮಟದ ಡೋಮ್ ಮಾದರಿಯಲ್ಲಿ ಗುಮ್ಮಟದ ಮೇಲಿನ ಧೂಳು, ಬಲೆ ಎರಡೂ ಒಳಗಿನ ಬೆಳಕನ್ನು ಲೆನ್ಸಿಗೇ ಮರಳಿಸುತ್ತವೆ. ಹೊರಗಡೆ, ಅದರಲ್ಲೂ ತೋಟ-ಗದ್ದೆಯ ಬದಿಗೆ, ಡೋಮ್ ಹೇಳಿದ್ದಲ್ಲ.

ಏನೇ ಮಾಡಿದರೂ ಬಲೆ ತೆಗೆಯುವ ಕೆಲಸ ತಪ್ಪದು. ಉದ್ದ ಕೋಲಿಗೆ ಕಟ್ಟಿದ ಮೆತ್ತನೆಯ ಬ್ರಷ್ಷಿನಿಂದ ವಾರಕ್ಕೊಮ್ಮೆ, ಮಳೆಗಾಲ ಮುಗಿದ ತಿಂಗಳುಗಳಲ್ಲಿ ಇನ್ನೂ ಬೇಗ ಬೇಗ, ಬ್ರಾಕೆಟ್ಟಿನ ಹಿಂಭಾಗವನ್ನೂ ಸೇರಿಸಿ ಒರೆಸಬೇಕು. ಬಲೆ ಮಾತ್ರ ತೆಗೆದು ಜೇಡವನ್ನು ಅಲ್ಲೇ ಬಿಟ್ಟರೆ ಪ್ರಯೋಜನವಿಲ್ಲ. ಚಕ್ರಾಕಾರದ ಬಲೆ ನೇಯುವ ಅನೇಕ ಜೇಡಗಳಿಗೆ ಹಳೆಯ ಬಲೆಯನ್ನು ತಾವೇ ತಿಂದು ದಿನವೂ ಹೊಸದನ್ನು ನೇಯುವುದು ರೂಢಿ. ಸಂಜೆ ತೆಗೆದದ್ದು ರಾತ್ರಿಯೊಳಗೆ ಮತ್ತೆ ಸಿದ್ಧ. ಜೇಡವನ್ನು ಬ್ರಷ್ಷಿಗೆ ಹತ್ತಿಸಿಕೊಂಡು ತೋಟದ ಗಿಡಕ್ಕೆ ಬಿಡಬೇಕು, ಹತ್ತಿಯಂತಿರುವ ಮೊಟ್ಟೆಯ ಚೀಲ ಕಂಡರೆ ಅದನ್ನೂ ತೆಗೆಯಬೇಕು. ಗಾಜನ್ನು ಮೈಕ್ರೋಫೈಬರ್ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಒರೆಸಿದರೆ ಸಾಕು. ಪೆಟ್ರೋಲ್, ಥಿನ್ನರ್ ತಾಗಿದರೆ ಪಾಲಿಕಾರ್ಬೊನೇಟ್ ಮುಚ್ಚಳ ಶಾಶ್ವತವಾಗಿ ಮಂಕಾಗುತ್ತದೆ.

ಜೇಡ ಓಡಿಸುವ ಎಣ್ಣೆಗಳ ಬಗ್ಗೆ ನಂಬಿಕೆಗಳು ಬಹಳ. 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ನಿಂಬೆ ಎಣ್ಣೆಯಿಂದ ಯಾವ ಪರಿಣಾಮವೂ ಕಾಣಲಿಲ್ಲ. ಪುದೀನ ಎಣ್ಣೆ ಮಾತ್ರ ಕೆಲವು ಜಾತಿಯ ಜೇಡಗಳನ್ನು ದೂರವಿಟ್ಟಿತು. ಆದರೆ ಆ ಎಣ್ಣೆ ಬೇಗ ಆವಿಯಾಗುತ್ತದೆ, ಮಳೆಗಾಳಿಗೆ ಇನ್ನೂ ಬೇಗ. ಹಚ್ಚುವುದಾದರೆ ಹತ್ತಿಯಲ್ಲಿ ಅದ್ದಿ ಬ್ರಾಕೆಟ್ಟಿಗೆ ಮತ್ತು ಗೋಡೆಗೆ ಮಾತ್ರ ಹಚ್ಚಿ, ಆಗಾಗ ಹೊಸದಾಗಿ ಸವರುತ್ತಿರಬೇಕು. ಅಂಗಡಿಯ ಕೀಟನಾಶಕ ಸ್ಪ್ರೇಯನ್ನು ಗೋಡೆಗೆ ಹೊಡೆದರೆ ಹುಳುಗಳ ಮೇಲೆ ಪರಿಣಾಮವಾದೀತು, ಆದರೆ ಉದ್ದ ಕಾಲುಗಳ ತುದಿಯಲ್ಲಿ ನಿಲ್ಲುವ ಜೇಡಕ್ಕೆ ಔಷಧ ತಾಗುವುದೇ ಕಡಿಮೆ. ಪೈರಿಥ್ರಾಯ್ಡ್ ಗುಂಪಿನ ಔಷಧಗಳು ಜೇನಿಗೂ ಮೀನಿಗೂ ವಿಷ. ಬಾವಿ, ಕೊಳ, ಜೇನುಪೆಟ್ಟಿಗೆ ಹತ್ತಿರವಿರುವ ಮನೆಯಲ್ಲಿ ಕ್ಯಾಮೆರಾದ ಸಲುವಾಗಿ ಅವನ್ನು ಸಿಂಪಡಿಸುವುದು ವಿವೇಕವಲ್ಲ.

ಸೆಟ್ಟಿಂಗುಗಳ ಸರದಿ ಬರಬೇಕಾದ್ದು ಇಷ್ಟೆಲ್ಲ ಆದ ಮೇಲೆ. ಹೆಚ್ಚಿನವರು ಮೊದಲು ಮುಟ್ಟುವುದು Sensitivity ಎಂಬುದನ್ನು, ಅದನ್ನು ತಗ್ಗಿಸಿದರೆ ಅಲರ್ಟು ಕಡಿಮೆಯಾಗುವುದೂ ನಿಜ. ಆದರೆ ಮೊದಲು ತಪ್ಪಿಹೋಗುವುದು ದೂರದಲ್ಲಿ ಮಸುಕಾಗಿ ಕಾಣುವ ಮನುಷ್ಯ, ಹೊಳೆಯುವ ಹುಳುವಲ್ಲ. ಅದರ ಬದಲು ಅಲರ್ಟ್ ಕೊಡಬೇಕಾದ ಪ್ರದೇಶವನ್ನು ಗೇಟು ಮತ್ತು ನಡೆದಾಡುವ ದಾರಿಗೆ ಮಾತ್ರ ಎಳೆದು, ಬಲೆ ಕಟ್ಟುವ ಮೇಲಿನ ಮೂಲೆಗಳನ್ನೂ ಆಕಾಶವನ್ನೂ ಹೊರಗಿಡುವುದು ಉಪಯುಕ್ತ. ಒಂದೆರಡು ಸೆಕೆಂಡಾದರೂ ಆ ಪ್ರದೇಶದಲ್ಲಿ ಉಳಿದರೆ ಮಾತ್ರ ಅಲರ್ಟ್ ಎಂಬ ಆಯ್ಕೆ ಇದ್ದರೆ ಅದು ಹಾರುವ ಹುಳುಗಳನ್ನು ಚೆನ್ನಾಗಿ ಸೋಸುತ್ತದೆ, ಏಕೆಂದರೆ ಹುಳು ನೋಟದಲ್ಲಿರುವುದು ಕ್ಷಣಮಾತ್ರ. ತೂಗುವ ಬಲೆಯ ಮುಂದೆ ಮಾತ್ರ ಈ ಆಯ್ಕೆಯ ಆಟ ನಡೆಯದು. ಮನುಷ್ಯರ ಆಕಾರ ಗುರುತಿಸುವ ಕ್ಯಾಮೆರಾಗಳು ಎರಡನ್ನೂ ಬಹುಮಟ್ಟಿಗೆ ಬದಿಗಿಡುತ್ತವೆ. ಆದರೆ ಬಲೆಯ ಹಿಂದೆ ಗೇಟು ಕತ್ತಲಾಗಿದ್ದರೆ ಗುರುತಿಸಲು ಅವುಗಳಿಗೂ ಏನೂ ಸಿಗುವುದಿಲ್ಲ. ಇಂಥ ಕ್ಯಾಮೆರಾದ ಅಲರ್ಟು ಕಡಿಮೆಯಾದ ಕಾರಣಕ್ಕೇ ಬಲೆ ತೆಗೆಯುವುದನ್ನು ಮರೆತವರಿದ್ದಾರೆ.

ದೇಹದ ಶಾಖ ಗ್ರಹಿಸುವ ಪಿಐಆರ್ ಸೆನ್ಸರ್ ಇರುವ ಕ್ಯಾಮೆರಾಗಳ ದಾರಿ ಬೇರೆ. ಬ್ಯಾಟರಿಯ ಕ್ಯಾಮೆರಾಗಳಲ್ಲಿ ಇದೇ ಹೆಚ್ಚು. ಅದು ಬೆಳಕಿನ ಬದಲಾವಣೆಯನ್ನು ನೋಡದೆ, ಮನುಷ್ಯ ಅಥವಾ ಪ್ರಾಣಿಯ ಬೆಚ್ಚನೆಯ ಮೈ ಹೊರಸೂಸುವ, ಕ್ಯಾಮೆರಾದ ಎಲ್‌ಇಡಿಯ ಬೆಳಕಿಗಿಂತ ಹತ್ತು ಪಟ್ಟು ಉದ್ದದ ತರಂಗಗಳನ್ನು ಗಮನಿಸುತ್ತದೆ. ದೂರದಲ್ಲಿ ಹಾರುವ ಹುಳುವಿನ ಶಾಖ ಅದಕ್ಕೆ ಗಣನೆಗೇ ಬಾರದು. ಸೆನ್ಸರಿನ ಬಿಳಿ ಮುಚ್ಚಳದ ಮೇಲೆಯೇ ಹುಳುವೋ ಜೇಡವೋ ನಡೆದಾಡಿದರೆ ಮಾತ್ರ ಮೋಸ ಹೋಗುತ್ತದೆ. ಆದ್ದರಿಂದ ಆ ಮುಚ್ಚಳವನ್ನೂ ಲೆನ್ಸಿನಷ್ಟೇ ಶುಚಿಯಾಗಿಡಬೇಕು. ಬೇಸಿಗೆಯ ರಾತ್ರಿ ಗಾಳಿ, ಗೋಡೆಗಳೆಲ್ಲ ಮೈಶಾಖದಷ್ಟೇ ಬಿಸಿಯಿದ್ದರೆ ಇಂಥ ಸೆನ್ಸರ್ ಮನುಷ್ಯನನ್ನೂ ಗುರುತಿಸದಿರಬಹುದು. ಕಲಬುರಗಿ, ರಾಯಚೂರಿನ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಈ ಮಿತಿ ಗಮನದಲ್ಲಿರಬೇಕು.

ಪ್ರತಿ ಬದಲಾವಣೆಯ ನಂತರ ರಾತ್ರಿ ಒಬ್ಬರು ಗೇಟಿನಿಂದ ಬಾಗಿಲವರೆಗೆ ನಡೆದು ನೋಡಬೇಕು. ಮೊದಲು ಎಂದಿನ ನಡಿಗೆಯಲ್ಲಿ, ಮತ್ತೆ ಗೋಡೆಯ ಬದಿಯಲ್ಲಿ ನಿಧಾನವಾಗಿ, ಮತ್ತೊಮ್ಮೆ ಗಾಢ ಬಣ್ಣದ ಬಟ್ಟೆ ಹಾಕಿ ಕೊಡೆ ಹಿಡಿದು. ಮೂರೂ ಬಾರಿ ಅಲರ್ಟ್ ಬಂದು, ವಿಡಿಯೊದಲ್ಲಿ ಮುಖ ಗುರುತಿಸುವಷ್ಟು ಕಂಡರೆ ಹೊಂದಾಣಿಕೆ ಸರಿಯಾಗಿದೆ. ಒಮ್ಮೆ ತಪ್ಪಿದರೂ ಅಲರ್ಟಿನ ಪ್ರದೇಶವನ್ನು ಸ್ವಲ್ಪ ಹಿಗ್ಗಿಸಿ ಅಥವಾ ಇಲ್ಯುಮಿನೇಟರಿನ ಮುಖವನ್ನು ಗೇಟಿನ ಕಡೆಗೆ ಇನ್ನಷ್ಟು ತಿರುಗಿಸಿ ಮತ್ತೆ ನಡೆದು ನೋಡಬೇಕು.